ಘಟಕ ಸಿದ್ಧವಾದ ದಿನ ಯಾವುದು?

ಕೇಳುಗರಿಗೆ ನಮಸ್ಕಾರ.

ಕೆಲವು ವರ್ಷಗಳ ಹಿಂದೆ ಒಂದು ಕಾರ್ಖಾನೆಯ ಲೆಕ್ಕ ನೋಡಲು ಹೋಗಿದ್ದೆ. ಡಿಸೆಂಬರ್ ಕೊನೆ. ಹೊಸ ಘಟಕಕ್ಕೆ ಸುರಿದ ಹಣವೆಲ್ಲ ಪುಸ್ತಕದಲ್ಲಿ ಇನ್ನೂ 'ಪ್ರಗತಿಯಲ್ಲಿರುವ ಬಂಡವಾಳ ಕಾಮಗಾರಿ' ಖಾತೆಯಲ್ಲೇ ಕೂತಿತ್ತು. ನಾವು ಲೆಕ್ಕದವರು ಅದನ್ನು ಸಿಡಬ್ಲ್ಯುಐಪಿ ಅಂತೀವಿ. ಕಟ್ಟುವ ಕೆಲಸ ಇನ್ನೂ ಮುಗಿದಿಲ್ಲ ಅನ್ನುವುದು ಅದರ ಅರ್ಥ. ಮಧ್ಯಾಹ್ನ ಸುಮ್ನೆ ಶೆಡ್ ಕಡೆ ಹೋದೆ. ಯಂತ್ರ ಓಡ್ತಾ ಇತ್ತು. ಮೇಜಿನ ಮೇಲಿದ್ದ ಲಾಗ್ ಬುಕ್ ತಿರುವಿ ನೋಡಿದರೆ, ಅಕ್ಟೋಬರ್ 1ರಿಂದ ಪ್ರತಿ ಪಾಳಿಯಲ್ಲೂ ಎಷ್ಟು ಮಾಲು ಬಂತು ಅಂತ ಬರೆದಿತ್ತು.

ಲೆಕ್ಕ ವಿಭಾಗದಲ್ಲಿ ಕೇಳಿದೆ. ಅವರು ಎರಡು ಕಾರಣ ಕೊಟ್ಟರು. ಒಂದು, ಘಟಕ ಇನ್ನೂ ಪೂರ್ತಿ ಸಾಮರ್ಥ್ಯ ಮುಟ್ಟಿಲ್ಲ. ಇನ್ನೊಂದು, ಗುತ್ತಿಗೆದಾರರ ಕೊನೆಯ ಬಿಲ್ ಬಂದಿಲ್ಲ. ಎರಡೂ ಕೇಳಲು ಸರಿ ಅನಿಸುತ್ತವೆ. ಆದರೆ ಎರಡೂ ತಪ್ಪು.

ಅಂತರರಾಷ್ಟ್ರೀಯ ಲೆಕ್ಕ ಮಾನದಂಡ ಐಎಎಸ್ 16 ಕೇಳುವುದು ಒಂದೇ ಪ್ರಶ್ನೆ. ಆಡಳಿತ ಅಂದುಕೊಂಡ ರೀತಿಯಲ್ಲಿ ಕೆಲಸ ಮಾಡಲು ಬೇಕಾದ ಜಾಗದಲ್ಲಿ, ಬೇಕಾದ ಸ್ಥಿತಿಯಲ್ಲಿ ಆಸ್ತಿ ಇದೆಯಾ? ಇದ್ದರೆ ಅದು ಬಳಕೆಗೆ ಸಿದ್ಧ. ಸವಕಳಿ, ಅಂದರೆ ಆಸ್ತಿಯ ಬೆಲೆಯನ್ನು ಅದರ ಆಯಸ್ಸಿಗೆ ಖರ್ಚಾಗಿ ಹಂಚುವುದು, ಅಂದಿನಿಂದಲೇ ಶುರು. ಅದನ್ನು ಬಳಸಲು ಶುರು ಮಾಡಿದ್ದೀರಾ, ಲಾಭ ಬರ್ತಾ ಇದೆಯಾ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಮೊದಲ ತಿಂಗಳುಗಳಲ್ಲಿ ಘಟಕ ಅರ್ಧ ಸಾಮರ್ಥ್ಯದಲ್ಲಿ ಓಡಿ ನಷ್ಟವಾದರೆ, ಆ ನಷ್ಟ ಆ ವರ್ಷದ್ದು. ಅದನ್ನು ಯಂತ್ರದ ಬೆಲೆಗೆ ಸೇರಿಸುವಂತಿಲ್ಲ.

ದುಂಡು ಅಂಕಿಗಳಲ್ಲಿ ಒಂದು ಲೆಕ್ಕ ಮಾಡೋಣ. ಯಂತ್ರಕ್ಕೆ 800 ಲಕ್ಷ. ಅಡಿಪಾಯಕ್ಕೆ 120 ಲಕ್ಷ. ಜೋಡಣೆ ಮತ್ತು ಪರೀಕ್ಷಾರ್ಥ ಓಟಕ್ಕೆ 60 ಲಕ್ಷ. ಇದಕ್ಕಾಗಿ ತಂದ ಸಾಲ 600 ಲಕ್ಷ, ಬಡ್ಡಿ ವರ್ಷಕ್ಕೆ ಶೇಕಡಾ 10. ಅಂದರೆ ತಿಂಗಳಿಗೆ 5 ಲಕ್ಷ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ 4 ತಿಂಗಳ ಬಡ್ಡಿ 20 ಲಕ್ಷ. ಒಟ್ಟು 1000 ಲಕ್ಷ. ಸೆಪ್ಟೆಂಬರ್ 30ಕ್ಕೆ ಪರೀಕ್ಷೆ ಮುಗಿದು, ಬೇಕಾದ ಗುಣಮಟ್ಟದ ಮಾಲು ಬಂತು ಅಂತ ಎಂಜಿನಿಯರ್ ಸಹಿ ಹಾಕಿದರು. ಆಗ ಬರೆಯಬೇಕಾದ ನಮೂದು ಸಣ್ಣದು: ಸ್ಥಾವರ ಮತ್ತು ಯಂತ್ರ ಖಾತೆಗೆ 1000 ಲಕ್ಷ ಡೆಬಿಟ್, ಕಾಮಗಾರಿ ಖಾತೆಗೆ ಅಷ್ಟೇ ಕ್ರೆಡಿಟ್.

ಇದನ್ನು ಬರೆಯದೆ ಮೂರು ತಿಂಗಳು ಬಿಟ್ಟರೆ ಏನಾಗುತ್ತೆ? ಆಯಸ್ಸು 10 ವರ್ಷ, ಪ್ರತಿ ವರ್ಷ ಸಮನಾಗಿ ಸವಕಳಿ, ಕೊನೆಗೆ ಗುಜರಿ ಬೆಲೆ ಇಲ್ಲ ಅಂತಿಟ್ಟುಕೊಳ್ಳಿ. ವರ್ಷಕ್ಕೆ 100 ಲಕ್ಷ. ಮೂರು ತಿಂಗಳಿಗೆ 25 ಲಕ್ಷ ಸವಕಳಿ ಬಿಟ್ಟುಹೋಯಿತು. ಅಷ್ಟೇ ಅಲ್ಲ. ಖಾತೆ ತೆರೆದೇ ಇದೆಯಲ್ಲ, ಬಡ್ಡಿಯೂ ಅದರೊಳಗೇ ಹೋಗುತ್ತಾ ಇರುತ್ತೆ. ಘಟಕ ಸಿದ್ಧವಾದ ಮೇಲಿನ ಬಡ್ಡಿ ಆ ವರ್ಷದ ಖರ್ಚಾಗಬೇಕಿತ್ತು. ಅದು ಇನ್ನೂ 15 ಲಕ್ಷ. ಒಟ್ಟು 40 ಲಕ್ಷ ಲಾಭ ಜಾಸ್ತಿ ಕಾಣುತ್ತೆ. ನನಗೆ ಹೆಚ್ಚು ಚಿಂತೆಯಾಗುವುದು ಈ ಬಡ್ಡಿಯದ್ದೇ. ಸವಕಳಿ ಬಿಟ್ಟಿದ್ದು ಹುಡುಕಿದರೆ ಸಿಗುತ್ತೆ. ಬಡ್ಡಿ ಮಾತ್ರ ಯಂತ್ರದ ಬೆಲೆಯೊಳಗೆ ಸೇರಿಹೋಗಿ, ಮುಂದಿನ 10 ವರ್ಷದ ಸವಕಳಿಯನ್ನೂ ಕೆಡಿಸುತ್ತೆ.

ಪರೀಕ್ಷಾರ್ಥ ಓಟದ ಬಗ್ಗೆ ಒಂದು ಮಾತು. ಯಂತ್ರ ಸರಿಯಾಗಿ ನಡೆಯುತ್ತಾ ಅಂತ ನೋಡುವ ಖರ್ಚು ಯಂತ್ರದ ಬೆಲೆಗೇ ಸೇರುತ್ತೆ. ಆಗ ಬಂದ ಮಾಲು ಮಾರಿದ ಹಣವನ್ನು ಮೊದಲು ಆ ಬೆಲೆಯಿಂದ ಕಳೆಯುತ್ತಿದ್ದರು. ಐಎಎಸ್ 16ರ ತಿದ್ದುಪಡಿ 2022ರ ಜನವರಿ 1ರಿಂದ ಜಾರಿಗೆ ಬಂತು. ಆಮೇಲೆ ಆ ಹಣವೂ, ಆ ಮಾಲು ಮಾಡಲು ತಗುಲಿದ ಖರ್ಚೂ ಲಾಭ ನಷ್ಟದ ಲೆಕ್ಕಕ್ಕೆ ಹೋಗುತ್ತವೆ. ದೇಶದ ಮಾನದಂಡ ಬೇರೆ ಇರಬಹುದು, ಅದನ್ನೊಮ್ಮೆ ನೋಡಿಕೊಳ್ಳಿ.

ಇನ್ನು ಆ ಕೊನೆಯ ಬಿಲ್. ಕೆಲಸ ಆಗಿದೆ, ಕೊಡಬೇಕಾದ್ದು ಇದೆ, ಕಾಗದ ಮಾತ್ರ ಬಂದಿಲ್ಲ, ಅಲ್ವಾ? ಒಪ್ಪಂದದ ದರ, ಅಳತೆ ಪುಸ್ತಕ ನೋಡಿ 12 ಲಕ್ಷ ಅಂತ ಅಂದಾಜು ಮಾಡಿ ಕೊಡಬೇಕಾದ ಬಾಬ್ತಾಗಿ ಬರೆಯಬೇಕು. ನಮ್ಮ 60 ಲಕ್ಷದಲ್ಲಿ ಅದೂ ಸೇರಿದೆ. ಆಮೇಲೆ ಬಿಲ್ 13 ಲಕ್ಷಕ್ಕೆ ಬಂದರೆ ಆ 1 ಲಕ್ಷವನ್ನು ಯಂತ್ರದ ಬೆಲೆಗೆ ಸೇರಿಸಿ, ಉಳಿದ ಆಯಸ್ಸಿಗೆ ಹಂಚಿದರಾಯಿತು.

ಇಂಥ ತಡ ಪುಸ್ತಕದಲ್ಲಿ ಮಾತ್ರ ನೋಡಿದರೆ ಗೊತ್ತಾಗಲ್ಲ. ಘಟಕದ ವಿದ್ಯುತ್ ಬಿಲ್ ಯಾವ ತಿಂಗಳಿಂದ ಏರಿದೆ? ಕಚ್ಚಾ ಮಾಲು ಯಾವಾಗಿನಿಂದ ಅಲ್ಲಿಗೆ ಹೋಗ್ತಿದೆ? ಕಾಮಗಾರಿ ಖಾತೆಗೆ ಈಚೆಗೆ ಬಡ್ಡಿ ಬಿಟ್ಟು ಬೇರೆ ಖರ್ಚೇ ಬಂದಿಲ್ಲವಾ? ಹಾಗಿದ್ದರೆ ಅಲ್ಲಿ ಕಟ್ಟುವ ಕೆಲಸ ನಿಂತು ಬಹಳ ದಿನ ಆಗಿರುತ್ತೆ.

ನಾನು ಹೇಳಿದ ಕಾರ್ಖಾನೆಯಲ್ಲಿ ಎಂಜಿನಿಯರ್ ಸಹಿ ಹಾಕಿದ ಪ್ರಮಾಣಪತ್ರ ಇತ್ತು. ತಾರೀಕು ಸೆಪ್ಟೆಂಬರ್ 30. ಅದು ಶೆಡ್‌ನ ಕಡತದಲ್ಲೇ ಉಳಿದಿತ್ತು, ಲೆಕ್ಕ ವಿಭಾಗಕ್ಕೆ ಪ್ರತಿ ಬಂದೇ ಇರಲಿಲ್ಲ. ವರ್ಷದ ಲೆಕ್ಕ ಇನ್ನೂ ಮುಚ್ಚಿರಲಿಲ್ಲವಾದ್ದರಿಂದ ಅದೇ ತಾರೀಕಿಗೆ ವರ್ಗಾವಣೆ ಬರೆದು, ಮೂರು ತಿಂಗಳ ಬಡ್ಡಿಯನ್ನು ಹೊರಗೆ ತೆಗೆದು, ಸವಕಳಿ ಹಾಕಿದೆವು. ಈಗ ಅಲ್ಲಿ ಆ ಪ್ರಮಾಣಪತ್ರಕ್ಕೆ ಎರಡು ಪ್ರತಿ ಮಾಡುತ್ತಾರೆ. ಒಂದು ಅದೇ ದಿನ ಲೆಕ್ಕ ವಿಭಾಗದ ಮೇಜಿಗೆ ಬರುತ್ತೆ.

ನಮಸ್ಕಾರ.