ಕೀಪ್ಯಾಡ್ ಫೋನಿನಲ್ಲಿ ದ್ರಾಕ್ಷಿ ಎಲೆಯ ರೋಗ ಹೇಳುವ ಬಗೆ

ರೈತ ಬಾಂಧವರಿಗೆ ನಮಸ್ಕಾರ.

ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿದು ದ್ರಾಕ್ಷಿ ಚಿಗುರೊಡೆಯುವ ಹೊತ್ತಿಗೆ ಒಂದು ಮಳೆ ಬಿದ್ದರೆ, ತಿಕೋಟಾ, ಜಮಖಂಡಿ, ಅಥಣಿ ಭಾಗದ ತೋಟದವರಿಗೆ ನಿದ್ದೆ ಇರುವುದಿಲ್ಲ. ಎಲೆಯ ಮೇಲೆ ಹಳದಿ ಚುಕ್ಕೆ ಕಂಡ ಕೂಡಲೇ ಕ್ಯಾಮೆರಾ ಫೋನ್ ಇದ್ದವರು ಫೋಟೋ ತೆಗೆದು ತಜ್ಞರಿಗೆ ಕಳಿಸುತ್ತಾರೆ. ಕೀಪ್ಯಾಡ್ ಫೋನ್ ಮಾತ್ರ ಇದ್ದವರಿಗೆ ಆ ದಾರಿ ಇಲ್ಲ. ಅವರಿಗೆ ಕಿಸಾನ್ ಕಾಲ್ ಸೆಂಟರ್ ಇದೆ. ಸಂಖ್ಯೆ 1800-180-1551. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಉಚಿತ ಕರೆ, ಕನ್ನಡದಲ್ಲೇ ಮಾತು. ಆದರೆ ಆ ಕಡೆ ಕೂತವರಿಗೆ ನಿಮ್ಮ ಎಲೆ ಕಾಣುವುದಿಲ್ಲ. ನೀವು ಏನು ಹೇಳುತ್ತೀರೋ ಅದೇ ಅವರ ಕಣ್ಣು.

ಹೆಚ್ಚಿನ ಕರೆಗಳು ಹೀಗೆ ಶುರುವಾಗುತ್ತವೆ: "ಸರ್, ದ್ರಾಕ್ಷಿಗೆ ದಾವಣಿ ಬಂದೈತಿ, ಏನ್ ಹೊಡೀಬೇಕ್ರಿ?" ಇದರಲ್ಲಿ ಎಲೆಯ ಸುದ್ದಿಯೇ ಇಲ್ಲ, ದಾವಣಿ, ಅಂದರೆ ಡೌನಿ ಮಿಲ್ಡ್ಯೂ, ಎಂಬ ರೋಗದ ಹೆಸರು ಮಾತ್ರ ಇದೆ. ಅದನ್ನು ನಂಬಿ ತಜ್ಞರು ದಾವಣಿಯ ಔಷಧಿ ಹೇಳುತ್ತಾರೆ. ತೋಟದಲ್ಲಿರುವುದು ಬೂದಿ ರೋಗವಾಗಿದ್ದರೆ ಹಣವೂ ಹೋಯಿತು, ವಾರವೂ ಹೋಯಿತು. ಎರಡೂ ಬಿಳಿ ಬೆಳೆಯುವ ರೋಗಗಳೇ, ಆದರೆ ಔಷಧಿ ಬೇರೆ ಬೇರೆ. ಆದ್ದರಿಂದ ಹೆಸರನ್ನು ಬದಿಗಿಟ್ಟು, ಕಂಡದ್ದನ್ನು ಮಾತ್ರ ಹೇಳಬೇಕು.

ಕಾಣಬೇಕಾದರೆ ಹೊತ್ತು ಮುಖ್ಯ. ದಾವಣಿಯ ಬಿಳಿ ತುಪ್ಪಟ ಎಲೆಯ ಕೆಳಬದಿಯಲ್ಲಿ ರಾತ್ರಿಯ ಕತ್ತಲಲ್ಲಿ, ತೇವದಲ್ಲಿ ಬೆಳೆಯುತ್ತದೆ. ಬೆಳಿಗ್ಗೆ ಇಬ್ಬನಿ ಆರುವ ಮೊದಲು ನೋಡಿದರೆ ಹಿಂಜಿದ ಹತ್ತಿಯಂತೆ ಸ್ಪಷ್ಟವಾಗಿ ಕಾಣುತ್ತದೆ. ಮಧ್ಯಾಹ್ನದ ಬಿಸಿಲಿಗೆ ಅದು ಒಣಗಿ ಮುದುಡಿರುತ್ತದೆ. ಆಗ ಎಲೆ ಹರಿದು ನೋಡಿ "ಕೆಳಗ ಏನೂ ಇಲ್ರಿ" ಎಂದರೆ, ತಜ್ಞರು ಅರ್ಧ ದಾರಿಯಲ್ಲೇ ತಪ್ಪು ಕಡೆ ಹೊರಳುತ್ತಾರೆ. ಮುಂಜಾನೆಯೇ ನೋಡಿ, ಎಲೆ ಕೈಯಲ್ಲಿ ಹಿಡಿದುಕೊಂಡೇ ಕರೆ ಮಾಡಿ.

ಮುಂಜಾನೆಯೂ ಅನುಮಾನ ಉಳಿದರೆ ಒಂದು ಸುಲಭ ಪರೀಕ್ಷೆ ಇದೆ. ಚುಕ್ಕೆ ಇರುವ ಮೂರು ನಾಲ್ಕು ಎಲೆಗಳನ್ನು ಸಂಜೆ ಕಿತ್ತು, ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಯಿ ಕಟ್ಟಿ, ಮನೆಯೊಳಗೆ ಕತ್ತಲಲ್ಲಿ ಇಡಿ. ದಾವಣಿಯ ಜೀವಂತ ಚುಕ್ಕೆಯಾಗಿದ್ದರೆ ಬೆಳಗಾಗುವಷ್ಟರಲ್ಲಿ ಚುಕ್ಕೆಯ ಕೆಳಗೆ ಬಿಳಿ ತುಪ್ಪಟ ಬಂದಿರುತ್ತದೆ. ಫೋನಿನಲ್ಲಿ ಇದೊಂದು ಮಾತು ಹೇಳಿದರೆ ಫೋಟೋಗಿಂತ ಹೆಚ್ಚು ಕೆಲಸವಾಗುತ್ತದೆ, ಏಕೆಂದರೆ ಎಲೆಯ ಮೇಲ್ಮೈಯ ಫೋಟೋದಲ್ಲಿ ಇದು ಕಾಣುವುದೇ ಇಲ್ಲ.

ಇನ್ನು ಎಲೆಯನ್ನು ನೋಡುವ ರೀತಿ. ಮೊದಲು ಮೇಲ್ಬದಿ. ಎಲೆಯನ್ನು ಬೆಳಕಿಗೆ ಅಡ್ಡ ಹಿಡಿಯಿರಿ. ಹಳದಿ ಜಾಗದಲ್ಲಿ ಬೆಳಕು ಹಾಯ್ದು ಎಣ್ಣೆ ಬಿದ್ದ ಕಾಗದದಂತೆ ಕಂಡರೆ ಅದು ಎಣ್ಣೆ ಚುಕ್ಕೆ, ದಾವಣಿಯ ಗುರುತು. ಬಳಿಕ ಎಲೆ ತಿರುವಿ, ಅದೇ ಚುಕ್ಕೆಯ ನೇರ ಕೆಳಗೆ ಏನಿದೆ ನೋಡಿ. ಆಮೇಲೆ ಬೆರಳಿನಿಂದ ಒರೆಸಿ. ಬೂದಿ ರೋಗದ ಪುಡಿ ಎಲೆಯ ಮೇಲ್ಬದಿಯಲ್ಲೂ ಇರುತ್ತದೆ, ಒರೆಸಿದರೆ ಬೆರಳಿಗೆ ಹತ್ತುತ್ತದೆ. ದಾವಣಿಯ ಎಣ್ಣೆ ಚುಕ್ಕೆಯ ಮೇಲ್ಬದಿಯಲ್ಲಿ ಒರೆಸಲು ಪುಡಿಯೇ ಇರುವುದಿಲ್ಲ. ಎರಡೂ ಅಲ್ಲದ ಮೂರನೆಯದೊಂದಿದೆ: ಔಷಧಿಯಿಂದ ಎಲೆ ಸುಟ್ಟದ್ದು. ಅದರಲ್ಲಿ ಎಲೆಯ ಅಂಚು, ಹನಿ ನಿಂತ ಜಾಗ ಕಂದಾಗಿರುತ್ತದೆ. ಸಿಂಪಡಿಸಿದ ಒಂದೆರಡು ದಿನದಲ್ಲಿ ಎಲ್ಲ ಸಾಲಿನಲ್ಲೂ ಒಟ್ಟಿಗೆ ಕಾಣುತ್ತದೆ. ಚೀಲದ ಪರೀಕ್ಷೆಯಲ್ಲಿ ಕೆಳಗೆ ಏನೂ ಬೆಳೆಯುವುದಿಲ್ಲ.

"ಬಾಳ್ ಬಿದ್ದೈತ್ರಿ" ಎಂಬ ಮಾತಿಗೆ ಅಳತೆ ಇಲ್ಲ. ತೋಟದಲ್ಲಿ ಮೂಲೆಯಿಂದ ಮೂಲೆಗೆ ಅಡ್ಡ ನಡೆಯುತ್ತ, ಆರಿಸದೆ, ಕೈಗೆ ಸಿಕ್ಕ 20 ಎಲೆ ತಿರುವಿ ನೋಡಿ. ಎಷ್ಟರಲ್ಲಿ ಚುಕ್ಕೆ ಇದೆ ಎಂದು ಎಣಿಸಿ. ರೋಗದ ಎಲೆಗಳನ್ನೇ ಹುಡುಕಿ ಎಣಿಸಿದರೆ ಲೆಕ್ಕ ಸುಳ್ಳಾಗುತ್ತದೆ.

ಇಷ್ಟು ಸಿದ್ಧವಾದ ಮೇಲೆ ಕರೆ ಒಂದು ನಿಮಿಷದ್ದು. ಉದಾಹರಣೆಗೆ ಹೀಗೆ:

"ನಮಸ್ಕಾರ್ರಿ ಸರ್. ತಿಕೋಟಾ ಕಡೆಯಿಂದ ಮಾತಾಡಾಕತ್ತೀನಿ. ಥಾಮ್ಸನ್ ದ್ರಾಕ್ಷಿ, ಎರಡು ಎಕರೆ. ಚಾಟ್ನಿ ಆಗಿ 24 ದಿನ ಆತ್ರಿ, ಇನ್ನ ಹೂ ಆಗಿಲ್ಲ. ಏಳು ದಿನದ ಹಿಂದ ರಾತ್ರಿ ಮಳಿ ಆತು, ಆಮ್ಯಾಲ ಎರಡು ದಿನ ಮೋಡ. ನಿನ್ನೆಯಿಂದ ಎಲಿ ಮ್ಯಾಲ ಹಳದಿ ಚುಕ್ಕಿ ಅದಾವ, ಒಂದು ರೂಪಾಯಿ ನಾಣ್ಯದಕಿಂತ ಸಣ್ಣವು. ಬೆಳಕಿಗೆ ಹಿಡದ್ರ ಎಣ್ಣಿ ಬಿದ್ದಂಗ ಕಾಣತಾವ. ಇವತ್ತ ಮುಂಜಾನೆ ಕೆಳಗ ಬಿಳಿ ಹತ್ತಿಯಂಗ ಐತಿ. ಮ್ಯಾಲ ಒರಸಿದ್ರ ಪುಡಿ ಬರಾಂಗಿಲ್ಲ. ಇಪ್ಪತ್ತು ಎಲಿಯೊಳಗ ಐದಕ್ಕ ಐತಿ. ಗೊಂಚಲಕ್ಕ ಇನ್ನ ಬಂದಿಲ್ಲ. ಆರು ದಿನದ ಹಿಂದ ಮ್ಯಾಂಕೋಜೆಬ್ 75 ಹೊಡದೀನಿ, ಲೀಟರಿಗೆ ಎರಡು ಗ್ರಾಂ."

ಇದರಲ್ಲಿ ರೋಗದ ಹೆಸರೇ ಇಲ್ಲ. ಆದರೂ ಕೇಳಿದವರಿಗೆ ದಾವಣಿ ಎಂದು ಗೊತ್ತಾಗುತ್ತದೆ. ಮಳೆಯಾಗಿ ಆರೇಳು ದಿನಕ್ಕೆ ಎಣ್ಣೆ ಚುಕ್ಕೆ ಏಳುವುದು ಆ ರೋಗದ ನಡೆಗೆ ಸರಿಹೊಂದುತ್ತದೆ. ಚಾಟ್ನಿಯ ದಿನ ಹೇಳಿದ್ದರಿಂದ ಹೂವಿನ ಹಂತ ಹತ್ತಿರವಿದೆ, ಗೊಂಚಲು ಉಳಿಸಿಕೊಳ್ಳಬೇಕು ಎಂಬುದೂ ತಿಳಿಯಿತು. "ಗೊಂಚಲಕ್ಕ ಬಂದಿಲ್ಲ", "ಪುಡಿ ಬರಾಂಗಿಲ್ಲ" ಎಂಬ ಇಲ್ಲದ್ದರ ಮಾತುಗಳಿಗೂ ಇದ್ದದ್ದರ ಮಾತುಗಳಷ್ಟೇ ಬೆಲೆ. ಮಳೆ ಬಿದ್ದ ಮೇಲೆ ಸಿಂಪಡಿಸಿದ್ದು ತಿಳಿದದ್ದು ಇನ್ನೂ ಮುಖ್ಯ. ಮ್ಯಾಂಕೋಜೆಬ್ ಎಲೆಯ ಮೇಲೆ ನಿಂತು ಕಾಯುವ ಔಷಧಿ. ಆಗಲೇ ಎಲೆಯೊಳಗೆ ಇಳಿದ ರೋಗವನ್ನು ಅದು ಹಿಡಿಯಲಾರದು.

ಔಷಧಿಯ ಹೆಸರಿನಲ್ಲಿ ಎಡವುವುದು ಬಹಳ. ಡಬ್ಬಿಯ ಮೇಲೆ ದೊಡ್ಡದಾಗಿ ಇರುವುದು ಕಂಪನಿ ಇಟ್ಟ ಹೆಸರು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಮದ್ದಿನ ಹೆಸರೂ ಶೇಕಡಾ ಅಂಕಿಯೂ ಇರುತ್ತವೆ. ಓದಬೇಕಾದ್ದು ಆ ಸಣ್ಣ ಅಕ್ಷರ. ಮ್ಯಾಂಕೋಜೆಬ್ ಶೇಕಡಾ 75 ಬೇರೆ, ಮೆಟಲಾಕ್ಸಿಲ್ ಶೇಕಡಾ 8 ಮತ್ತು ಮ್ಯಾಂಕೋಜೆಬ್ ಶೇಕಡಾ 64 ಸೇರಿದ್ದು ಬೇರೆ. ಫೋನಿನಲ್ಲಿ ಬರೀ "ಮ್ಯಾಂಕೋಜೆಬ್" ಎಂದರೆ ಎರಡರಲ್ಲಿ ಯಾವುದೆಂದು ತಿಳಿಯದು. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳ ಕೈಯಲ್ಲಿ ಒಂದೊಂದೇ ಅಕ್ಷರ ಹೇಳಿಸಿ.

ತಜ್ಞರು ಹೇಳಿದ ಪ್ರಮಾಣವನ್ನೂ ಕಿವಿಯಲ್ಲಿ ಇಟ್ಟುಕೊಂಡು ಕರೆ ಕಡಿಯಬೇಡಿ. ಕಾಗದದಲ್ಲಿ ಬರೆದು, ತಿರುಗಿ ಹೇಳಿ: "ಲೀಟರಿಗೆ ಎರಡು ಗ್ರಾಂ ಅಂದ್ರ 200 ಲೀಟರ್ ಬ್ಯಾರಲ್ಲಿಗೆ 400 ಗ್ರಾಂ, ಹೌದಲ್ರಿ?" ಲೀಟರಿನ ಲೆಕ್ಕವೋ ಎಕರೆಯ ಲೆಕ್ಕವೋ ಎಂಬ ಗೊಂದಲ ಇಲ್ಲಿಯೇ ಸಿಕ್ಕಿಬೀಳುತ್ತದೆ.

ಮಾತಿಗೂ ಮಿತಿ ಇದೆ. ನರಗಳ ನಡುವೆ ಎಲೆ ಬಣ್ಣಗೆಡುವ ಪೋಷಕಾಂಶದ ಕೊರತೆಗಳನ್ನು ಫೋನಿನಲ್ಲಿ ಬೇರ್ಪಡಿಸುವುದು ಕಷ್ಟ. ಒಬ್ಬರ ತಿಳಿ ಹಳದಿ ಇನ್ನೊಬ್ಬರ ಹಸಿರು ಆಗಬಹುದು. ಇಂಥದ್ದಕ್ಕೆ ಕೃಷಿ ವಿಜ್ಞಾನ ಕೇಂದ್ರಕ್ಕೋ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೋ ಎಲೆಯನ್ನೇ ಒಯ್ಯಿರಿ. ಒಯ್ಯುವಾಗ ಪ್ಲಾಸ್ಟಿಕ್ ಬೇಡ, ಬಸ್ಸಿನ ಬಿಸಿಗೆ ಎಲೆ ಕೊಳೆಯುತ್ತದೆ. ಒಣ ಸುದ್ದಿಪತ್ರಿಕೆಯಲ್ಲಿ ಮಡಚಿ, ಹೊಸ ಚುಕ್ಕೆಯ ಎಲೆ, ಹಳೆ ಚುಕ್ಕೆಯ ಎಲೆ, ಆರೋಗ್ಯದ ಎಲೆ ಮೂರನ್ನೂ ಇಡಿ.

ಸಿಂಪಡಿಸಿದ ಮೇಲೆ ಎರಡನೆಯ ಕರೆಗೂ ತಯಾರಿ ಬೇಕು. ಔಷಧಿ ಹೊಡೆಯುವ ದಿನವೇ ರೋಗದ ಹತ್ತು ಕುಡಿಗಳಿಗೆ ಬಣ್ಣದ ದಾರ ಕಟ್ಟಿ, ಒಂದೊಂದರಲ್ಲಿ ಎಷ್ಟು ಚುಕ್ಕೆ ಎಂದು ಬರೆದಿಡಿ. ಮೂರು ನಾಲ್ಕು ದಿನದ ನಂತರ ಅದೇ ಕುಡಿ, ಅದೇ ಮುಂಜಾನೆಯ ಹೊತ್ತು ನೋಡಿ. ಚುಕ್ಕೆಯ ಸಂಖ್ಯೆ ಸ್ವಲ್ಪ ಹೆಚ್ಚಿದ್ದರೆ ಗಾಬರಿ ಬೇಡ. ಮೊದಲೇ ಒಳಗಿದ್ದ ರೋಗ ಕೆಲವು ದಿನ ಹೊರಬೀಳುತ್ತಲೇ ಇರುತ್ತದೆ. ನೋಡಬೇಕಾದ್ದು ಕೆಳಬದಿ. ಹಳೆ ಚುಕ್ಕೆ ಕಂದಾಗಿ ಒಣಗಿ, ಬಿಳಿ ತುಪ್ಪಟ ಮತ್ತೆ ಏಳದಿದ್ದರೆ ಔಷಧಿ ಹಿಡಿದಿದೆ. ಒಣಗಿದ ಚುಕ್ಕೆಯ ಅಂಚಿನಲ್ಲಿ ಹೊಸ ಬಿಳಿ ಕಂಡರೆ ಅದೇ ದಿನ ಮತ್ತೆ ಕರೆ ಮಾಡಿ, ಯಾವ ಔಷಧಿ, ಎಷ್ಟು, ಯಾವ ದಿನ ಹೊಡೆದಿರಿ, ಹೊಡೆದ ಮೇಲೆ ಎಷ್ಟು ತಾಸಿಗೆ ಮಳೆ ಬಂತು ಎಂಬುದನ್ನು ಮೊದಲು ಹೇಳಿ.

ನಮಸ್ಕಾರ.