ಡಂಬೆಲ್ ಇಳಿಸಿದ್ದು ಗಾಲ್ಜಿ ಅಲ್ಲ

ಮೊಣಕೈ ಮಡಚಿ, ಡಂಬೆಲ್ ಹಿಡಿದು ಹೀಗೆ ನಿಂತಿರಬೇಕು, ಅಷ್ಟೇ. ನೋಡೋಕೆ ಬೋರು, ಗೊತ್ತು. ಅದಕ್ಕೇ ಒಳಗೆ ಏನಾಗುತ್ತಿದೆ ಅಂತ ಹೇಳುತ್ತೇನೆ.

ಸ್ನಾಯು ಮುಗಿದು, ಅದನ್ನು ಮೂಳೆಗೆ ಕಟ್ಟುವ ಟೆಂಡನ್ ಶುರುವಾಗುವ ಜಾಗದಲ್ಲಿ ಎಳೆತವನ್ನು ಗ್ರಹಿಸುವ ಗಾಲ್ಜಿ ಟೆಂಡನ್ ಆರ್ಗನ್‌ಗಳಿವೆ. ಒಂದೊಂದೂ ಸುಮಾರು 1 ಮಿಲಿಮೀಟರ್ ಉದ್ದ. ಹತ್ತಿಪ್ಪತ್ತು ಸ್ನಾಯು ಎಳೆಗಳು ಬಂದು ಒಂದಕ್ಕೆ ಸೇರುತ್ತವೆ. ಒಳಗೆ ಕೊಲಾಜನ್ ಎಳೆಗಳು ಹೆಣೆದುಕೊಂಡಿವೆ, ಅವುಗಳ ಸಂದಿಯಲ್ಲಿ ನರದ ತುದಿಗಳು. ಸ್ನಾಯು ಎಳೆದರೆ ಕೊಲಾಜನ್ ಬಿಗಿದು ನರವನ್ನು ಹಿಸುಕುತ್ತದೆ. ಸುದ್ದಿ ಬೆನ್ನುಹುರಿಗೆ ಹೋಗುತ್ತದೆ. ಅಲ್ಲಿ ಮಧ್ಯದ ಒಂದು ನರಕೋಶ ಅದೇ ಸ್ನಾಯುವಿಗೆ ಹೋಗುವ ಆದೇಶವನ್ನು ಕೊಂಚ ತಗ್ಗಿಸುತ್ತದೆ.

ಹಾಂ, ಈಗ ಕೈ ನಡುಗುತ್ತಿದೆ ನೋಡಿ. ಇನ್ನೇನು... ಇಳಿಸಿಬಿಟ್ಟೆ. ಟ್ರೈಪಾಡ್ ಕೂಡ ಕುಸಿಯಿತು, ಅದರ ಸ್ಕ್ರೂ ಯಾವತ್ತೂ ನಿಲ್ಲುವುದಿಲ್ಲ, ಬಿಡಿ.

ಇಂಥ ವಿಡಿಯೊ ಹಾಕಿದರೆ ಸಾಕು, "ಗಾಲ್ಜಿ ಫ್ಯೂಸ್ ಹೋಯ್ತು, ಸ್ನಾಯು ಕಟ್ ಆಯ್ತು" ಅಂತ ಯಾರಾದರೂ ಬರೆದೇ ಬರೆಯುತ್ತಾರೆ. ನನಗೆ ಇದು ತಲೆನೋವು. ಲೆಕ್ಕ ಹಾಕಿ. ಡಂಬೆಲ್ ಅದೇ, ಕೈಯ ಕೋನ ಅದೇ. ಅಂದರೆ ಟೆಂಡನ್ ಮೇಲಿನ ಎಳೆತ ಮೊದಲ ಕ್ಷಣದಲ್ಲೂ ಕೊನೆಯಲ್ಲೂ ಹೆಚ್ಚುಕಮ್ಮಿ ಒಂದೇ. ಎಳೆತ ನೋಡಿ ಕಟ್ ಮಾಡುವ ಫ್ಯೂಸ್ ಆಗಿದ್ದರೆ ಎತ್ತಿದ ತಕ್ಷಣವೇ ಹೋಗಬೇಕಿತ್ತು ಅಲ್ವಾ? ಇಲ್ಲಿ ಆದದ್ದು ಬರೀ ದಣಿವು.

ಗಾಲ್ಜಿ ಅಪಾಯ ಬರುವ ತನಕ ಮಲಗಿರುವುದೂ ಇಲ್ಲ. ಅದಕ್ಕೆ ಸೇರಿದ ಒಂದೇ ಮೋಟಾರ್ ಯೂನಿಟ್, ಅಂದರೆ ಒಂದು ನರಕೋಶದ ಹಿಡಿತದಲ್ಲಿರುವ ಎಳೆಗಳ ಗುಂಪು, ಬಿಗಿದರೂ ಅದು ಸುದ್ದಿ ಕಳಿಸುತ್ತದೆ. ಆದರೆ ನಾನು ಕೈ ಸಡಿಲ ಬಿಟ್ಟು ಬೇರೆಯವರು ಎಳೆದರೆ ಅಷ್ಟಾಗಿ ಮಾತಾಡದು. ಟೆಂಡನ್‌ಗಿಂತ ಸಡಿಲ ಸ್ನಾಯು ಮೆತ್ತಗಿರುತ್ತದೆ, ಹಿಗ್ಗುವಿಕೆಯ ಹೆಚ್ಚಿನ ಭಾಗ ಅದರ ಪಾಲಿಗೇ ಹೋಗುತ್ತದೆ.

ಹಾಗಾದರೆ ಗಾಲ್ಜಿ ಸ್ನಾಯುವನ್ನು ಕಾಪಾಡುತ್ತದೆ ಅನ್ನುವುದು ಸುಳ್ಳಾ? ಪೂರ್ತಿ ಸುಳ್ಳಲ್ಲ, ಅಷ್ಟು ಬೈಯುವುದೂ ಜಾಸ್ತಿಯಾಯಿತು. ಬಲ ಏರಿದಂತೆ ಬೆನ್ನುಹುರಿಗೆ ಗೊತ್ತಾಗುತ್ತಲೇ ಇರುತ್ತದೆ, ಅದು ಆದೇಶವನ್ನು ಬೇಕಾದಷ್ಟು ತಗ್ಗಿಸುತ್ತದೆ. ಆದರೆ ಆ ತಡೆ ಮೆದು. ಮಧ್ಯದ ನರಕೋಶ ಚರ್ಮ, ಕೀಲು, ಮಿದುಳಿನ ಮಾತನ್ನೂ ಕೇಳುತ್ತದೆ. ನಡೆಯುವಾಗಲಂತೂ ಕಾಲಿನ ಭಾರ ಹೊರುವ ಸ್ನಾಯುಗಳಲ್ಲಿ ಅದೇ ಸುದ್ದಿ ತಡೆಯುವ ಬದಲು ಹುರಿದುಂಬಿಸುತ್ತದೆ! ಬೆಕ್ಕುಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಇದು ಕಂಡಿದೆ.

ಹಠಾತ್ ಜಗ್ಗಿದರೆ ಟೆಂಡನ್ ಹರಿಯುವುದೂ ಉಂಟು. ಸುದ್ದಿ ಬೆನ್ನುಹುರಿಗೆ ಹೋಗಿ ಬರುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ಕೈ ಬದಲಿಸುತ್ತೇನೆ, ಇರಿ, ಕ್ಯಾಮೆರಾ ಮತ್ತೆ ವಾಲುತ್ತಿದೆ.