ಕೊಬ್ಬನ್ನೇ ಬಿಟ್ಟವರ ಪಿತ್ತಕೋಶದಲ್ಲಿ ಕೊಲೆಸ್ಟ್ರಾಲ್ ಕಲ್ಲು ಹೇಗೆ ಬಂತು?

[ದೃಶ್ಯ: ನಿರೂಪಕಿ ನೇರವಾಗಿ ಕ್ಯಾಮೆರಾ ಕಡೆಗೆ]

ನಮಸ್ಕಾರ. ವೀಕ್ಷಕರೊಬ್ಬರು ಕಳುಹಿಸಿದ ಪ್ರಶ್ನೆ ಹೀಗಿದೆ: "ಮೂರು ತಿಂಗಳು ಎಣ್ಣೆ, ತುಪ್ಪ ಮುಟ್ಟದೆ ಕಟ್ಟುನಿಟ್ಟಿನ ಡಯಟ್ ಮಾಡಿದೆ. ತೂಕವೂ ಇಳಿಯಿತು. ಆದರೆ ಸ್ಕ್ಯಾನ್ ಮಾಡಿಸಿದಾಗ ಪಿತ್ತಕೋಶದಲ್ಲಿ ಕೊಲೆಸ್ಟ್ರಾಲ್ ಕಲ್ಲುಗಳಿವೆ ಎಂದರು. ನಾನು ತಿನ್ನದ ಕೊಬ್ಬು ಕಲ್ಲಾಗಿದ್ದು ಹೇಗೆ?"

ಈ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ. ಕೊಬ್ಬನ್ನು ಪೂರ್ತಿಯಾಗಿ ಬಿಟ್ಟದ್ದೂ ಕಲ್ಲು ಕಟ್ಟಲು ಒಂದು ಕಾರಣವಾಗಿರುವ ಸಾಧ್ಯತೆ ಇದೆ. ಅದು ಹೇಗೆಂದು ತಿಳಿಯಲು ಪಿತ್ತರಸವು ಕೊಲೆಸ್ಟ್ರಾಲನ್ನು ಹೊತ್ತೊಯ್ಯುವ ಬಗೆಯನ್ನು ನೋಡಬೇಕು.

ಮೂಲ ಸಂಗತಿಗಳನ್ನು ಬೇಗ ಹೇಳಿಬಿಡುತ್ತೇನೆ. ಪಿತ್ತರಸವನ್ನು ತಯಾರಿಸುವುದು ಯಕೃತ್ತು, ಅಂದರೆ ಲಿವರ್. ಊಟಗಳ ನಡುವಿನ ಅವಧಿಯಲ್ಲಿ ಅದು ಪಿತ್ತಕೋಶದಲ್ಲಿ ಸಂಗ್ರಹವಾಗುತ್ತದೆ. ಪಿತ್ತಕೋಶ ಅದರಲ್ಲಿರುವ ನೀರನ್ನು ಹೀರಿ ರಸವನ್ನು ಗಟ್ಟಿಗೊಳಿಸುತ್ತದೆ, ಊಟವಾದ ಮೇಲೆ ಹಿಂಡಿ ಸಣ್ಣ ಕರುಳಿಗೆ ಕಳುಹಿಸುತ್ತದೆ. ದೇಹವು ಹೆಚ್ಚುವರಿ ಕೊಲೆಸ್ಟ್ರಾಲನ್ನು ಹೊರಹಾಕುವ ಮುಖ್ಯ ದಾರಿಯೂ ಈ ಪಿತ್ತರಸವೇ.

[ಗ್ರಾಫಿಕ್: ನೀರಿನಲ್ಲಿ ಒಂಟಿ ಕೊಲೆಸ್ಟ್ರಾಲ್ ಅಣು, ನಂತರ ಅದರ ಸುತ್ತ ನೆರೆಯುವ ಪಿತ್ತಲವಣಗಳು]

ತೊಡಕು ಇರುವುದು ಇಲ್ಲಿ. ಪಿತ್ತರಸದ ಬಹುಪಾಲು ನೀರು, ಕೊಲೆಸ್ಟ್ರಾಲಾದರೋ ನೀರಿನಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ. ಹಾಗಾಗಿ ಅದಕ್ಕೆ ಇಬ್ಬರು ಸಂಗಾತಿಗಳು ಬೇಕು. ಒಂದು ಪಿತ್ತಲವಣ, ಇನ್ನೊಂದು ಲೆಸಿಥಿನ್ ಎಂಬ ಫಾಸ್ಫೋಲಿಪಿಡ್. ಜಿಡ್ಡಿನ ಪಾತ್ರೆಯ ಮೇಲೆ ಸಾಬೂನು ಮಾಡುವ ಕೆಲಸವನ್ನೇ ಪಿತ್ತಲವಣ ಇಲ್ಲಿ ಮಾಡುತ್ತದೆ: ಅದರ ಅಣುವಿನ ಒಂದು ಮುಖ ನೀರಿಗೆ ಒಲಿಯುತ್ತದೆ, ಇನ್ನೊಂದು ಮುಖ ಜಿಡ್ಡಿಗೆ ಅಂಟುತ್ತದೆ. ಇಂಥ ಅಣುಗಳು ಲೆಸಿಥಿನ್ ಜೊತೆ ಸೇರಿ ಮಿಸೆಲ್ ಎಂಬ ಅತಿ ಸಣ್ಣ ಗುಂಪುಗಳನ್ನು ಕಟ್ಟಿಕೊಂಡು, ಕೊಲೆಸ್ಟ್ರಾಲನ್ನು ಒಳಗೆ ಅಡಗಿಸಿಕೊಂಡು ಸಾಗಿಸುತ್ತವೆ. ಸಾಬೂನು ಕಡಿಮೆಯಾಗಿ ಜಿಡ್ಡು ಹೆಚ್ಚಾದರೆ ಏನಾಗುತ್ತದೋ ಪಿತ್ತರಸದಲ್ಲೂ ಅದೇ ಆಗುತ್ತದೆ. ಮಿಸೆಲ್‌ಗಳಲ್ಲಿ ಜಾಗ ಸಿಗದ ಕೊಲೆಸ್ಟ್ರಾಲ್, ಲೆಸಿಥಿನ್‌ನ ಪೊರೆಯಿಂದಾದ ಪುಟ್ಟ ಕೋಶಿಕೆಗಳಲ್ಲಿ ಉಳಿಯುತ್ತದೆ. ಆ ಕೋಶಿಕೆಗಳು ಒಂದಕ್ಕೊಂದು ಅಂಟಿ ಬೆಸೆದುಕೊಂಡಾಗ, ಅವುಗಳಿಂದ ಕೊಲೆಸ್ಟ್ರಾಲ್ ಹರಳುಗಳು ಹೊರಬೀಳುತ್ತವೆ.

[ಗ್ರಾಫಿಕ್: ತ್ರಿಕೋನ, ಮೂರು ಮೂಲೆಗಳಲ್ಲಿ ಪಿತ್ತಲವಣ, ಲೆಸಿಥಿನ್, ಕೊಲೆಸ್ಟ್ರಾಲ್]

ಈ ತ್ರಿಕೋನ ನನಗೆ ಬಹಳ ಇಷ್ಟ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. 1968ರಲ್ಲಿ ವಿಲಿಯಂ ಅಡ್ಮಿರಾಂಡ್ ಮತ್ತು ಡೊನಾಲ್ಡ್ ಸ್ಮಾಲ್ ಎಂಬ ಇಬ್ಬರು ಸಂಶೋಧಕರು, ಮನುಷ್ಯರ ಪಿತ್ತರಸದಲ್ಲಿ ಈ ಮೂರು ವಸ್ತುಗಳ ಪ್ರಮಾಣವನ್ನು ಅಳೆದು, ಪ್ರತಿ ಮಾದರಿಯನ್ನೂ ಇಂಥದೊಂದು ತ್ರಿಕೋನದಲ್ಲಿ ಒಂದು ಚುಕ್ಕೆಯಾಗಿ ಗುರುತಿಸಿದರು. ತ್ರಿಕೋನದೊಳಗೆ ಒಂದು ಗೆರೆ ಇದೆ. ಅದರ ಕೆಳಗಿದ್ದರೆ ಕೊಲೆಸ್ಟ್ರಾಲ್ ಪೂರ್ತಿ ಕರಗಿರುತ್ತದೆ, ಗೆರೆ ದಾಟಿದರೆ ಹರಳಾಗುವ ಸಾಧ್ಯತೆ ಇರುತ್ತದೆ. ಇದರಿಂದ ತಿಳಿಯುವುದು ಇಷ್ಟೇ: ಕೊಲೆಸ್ಟ್ರಾಲ್ ಎಷ್ಟಿದೆ ಎಂಬುದೊಂದೇ ಮುಖ್ಯವಲ್ಲ, ಅದನ್ನು ಹೊರುವ ಪಿತ್ತಲವಣ ಮತ್ತು ಲೆಸಿಥಿನ್ ಅದರೊಡನೆ ಎಷ್ಟಿವೆ ಎಂಬುದೇ ಮುಖ್ಯ. ರಕ್ತ ಪರೀಕ್ಷೆಯಲ್ಲಿ ಕೊಲೆಸ್ಟ್ರಾಲ್ ಸರಿಯಾಗಿದ್ದವರಲ್ಲೂ ಕಲ್ಲು ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ.

ನಂತರದ ಅಧ್ಯಯನಗಳಲ್ಲಿ ಇನ್ನೊಂದು ಸಂಗತಿ ತಿಳಿಯಿತು. ಕಲ್ಲೇ ಇಲ್ಲದ ಎಷ್ಟೋ ಜನರ ಪಿತ್ತರಸವೂ ಆಗಾಗ ಈ ಗೆರೆಯನ್ನು ದಾಟುತ್ತದೆ. ರಾತ್ರಿಯಿಡೀ ಉಪವಾಸವಿದ್ದಾಗ ಪಿತ್ತಲವಣಗಳು ಪಿತ್ತಕೋಶದಲ್ಲೇ ತಂಗಿರುತ್ತವೆ. ಸಾಮಾನ್ಯವಾಗಿ ಅವು ಕರುಳಿಗೆ ಹೋಗಿ, ಅಲ್ಲಿಂದ ರಕ್ತದ ಮೂಲಕ ಯಕೃತ್ತಿಗೆ ಮರಳಿ, ಮತ್ತೆ ಪಿತ್ತರಸಕ್ಕೆ ಸೇರುತ್ತವೆ. ರಾತ್ರಿ ಆ ಸುತ್ತು ನಿಧಾನವಾಗುವುದರಿಂದ ಯಕೃತ್ತು ಸುರಿಸುವ ಹೊಸ ರಸದಲ್ಲಿ ಪಿತ್ತಲವಣ ಕಡಿಮೆಯಾಗುತ್ತದೆ, ಆದರೆ ಕೊಲೆಸ್ಟ್ರಾಲ್ ಅಷ್ಟೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಹಾಗಿದ್ದರೂ ಎಲ್ಲರಿಗೂ ಕಲ್ಲಾಗದಿರಲು ಒಂದು ದೊಡ್ಡ ಕಾರಣವೆಂದರೆ, ಬೆಳಗಿನ ತಿಂಡಿಯಲ್ಲಿನ ಕೊಬ್ಬು ಸಣ್ಣ ಕರುಳನ್ನು ತಲುಪಿದೊಡನೆ ಕೊಲೆಸಿಸ್ಟೊಕೈನಿನ್ ಎಂಬ ಹಾರ್ಮೋನ್ ಬಿಡುಗಡೆಯಾಗಿ ಪಿತ್ತಕೋಶವನ್ನು ಹಿಂಡಿಸುತ್ತದೆ. ಹರಳುಗಳು ಬೆಳೆಯಲು ಕಾಲಾವಕಾಶ ಸಿಗುವ ಮೊದಲೇ ರಸ ಹೊರಗೆ ಹರಿದುಹೋಗುತ್ತದೆ.

ಈಗ ನಮ್ಮ ವೀಕ್ಷಕರ ಡಯಟ್‌ಗೆ ಬರೋಣ. ವೇಗವಾಗಿ ತೂಕ ಇಳಿಯುವಾಗ ದೇಹದ ಕೊಬ್ಬಿನ ಅಂಗಾಂಶ ಕರಗುತ್ತದೆ, ಅದರಲ್ಲಿ ಕೂಡಿಟ್ಟಿದ್ದ ಕೊಲೆಸ್ಟ್ರಾಲ್ ಕೂಡ ಹೊರಬಂದು ಯಕೃತ್ತಿನ ಮೂಲಕ ಪಿತ್ತರಸಕ್ಕೆ ಸೇರುತ್ತದೆ. ಅಂದರೆ ತಿನ್ನದ ಕೊಬ್ಬು ಕಲ್ಲಾಗಲಿಲ್ಲ, ಮೊದಲೇ ಮೈಯಲ್ಲಿದ್ದದ್ದು ಕಲ್ಲಾಯಿತು. ಅದೇ ಹೊತ್ತಿಗೆ ಊಟದಲ್ಲಿ ಕೊಬ್ಬೇ ಇಲ್ಲದ ಕಾರಣ ಹಾರ್ಮೋನ್‌ನ ಸಂಕೇತ ದುರ್ಬಲವಾಗಿ, ಪಿತ್ತಕೋಶ ಸರಿಯಾಗಿ ಹಿಂಡಿಕೊಳ್ಳುವುದಿಲ್ಲ. ಪಿತ್ತಕೋಶದ ಒಳಪದರ ಸ್ರವಿಸುವ ಮ್ಯೂಸಿನ್ ಎಂಬ ಲೋಳೆಯೂ ಹೆಚ್ಚಾಗುತ್ತದೆ. ಹರಳುಗಳು ಆ ಲೋಳೆಯಲ್ಲಿ ಸಿಕ್ಕಿಕೊಂಡು, ಮೊದಲು ಸ್ಲಡ್ಜ್ ಎಂಬ ಕೆಸರಾಗಿ, ಆಮೇಲೆ ಕಲ್ಲಾಗಿ ಗಟ್ಟಿಯಾಗುತ್ತವೆ. ಹೆಚ್ಚು ಕೊಲೆಸ್ಟ್ರಾಲ್ ಒಳಗೆ ಬರುತ್ತಿರುವಾಗಲೇ ಹೊರಗೆ ಹೋಗುವ ಬಾಗಿಲೂ ಮುಚ್ಚಿದಂತಾಗುವುದು ಕ್ರ್ಯಾಷ್ ಡಯಟ್‌ನ ನಿಜವಾದ ಅಪಾಯ.

[ಗ್ರಾಫಿಕ್: ಎರಡು ಗುಂಪು, ತಲಾ ಹನ್ನೊಂದು ಜನರ ಚಿತ್ರ]

ಇದನ್ನು ಬಹಳ ಸ್ಪಷ್ಟವಾಗಿ ತೋರಿಸಿದ ಒಂದು ಸಣ್ಣ ಅಧ್ಯಯನ 1998ರಲ್ಲಿ ಇಟಲಿಯಿಂದ ಪ್ರಕಟವಾಯಿತು. ಬೊಜ್ಜು ಇದ್ದು ಕಲ್ಲು ಇಲ್ಲದವರನ್ನು ಎರಡು ಗುಂಪು ಮಾಡಿ, ಮೂರು ತಿಂಗಳು ಅತಿ ಕಡಿಮೆ ಕ್ಯಾಲೊರಿಯ ಆಹಾರ ಕೊಟ್ಟರು. ಒಂದು ಗುಂಪಿಗೆ ದಿನಕ್ಕೆ 535 ಕ್ಯಾಲೊರಿ, ಅದರಲ್ಲಿ ಕೊಬ್ಬು 3 ಗ್ರಾಂ. ಇನ್ನೊಂದಕ್ಕೆ 577 ಕ್ಯಾಲೊರಿ, ಕೊಬ್ಬು ಸುಮಾರು 12 ಗ್ರಾಂ. ಕೊನೆಯವರೆಗೆ ಉಳಿದವರಲ್ಲಿ ಮೊದಲ ಗುಂಪಿನ ಹನ್ನೊಂದು ಜನರಲ್ಲಿ ಆರು ಜನರಿಗೆ ಕಲ್ಲಾಯಿತು, ಎರಡನೆಯ ಗುಂಪಿನ ಹನ್ನೊಂದು ಜನರಲ್ಲಿ ಯಾರಿಗೂ ಆಗಲಿಲ್ಲ. ಕ್ಯಾಲೊರಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಮುಖ್ಯ ವ್ಯತ್ಯಾಸ ಕೊಬ್ಬಿನದು. ಇಷ್ಟು ಚಿಕ್ಕ ಗುಂಪಿನ ಫಲಿತಾಂಶವನ್ನು ಎಲ್ಲರಿಗೂ ಅನ್ವಯವಾಗುವ ನಿಖರ ಲೆಕ್ಕವೆಂದು ಭಾವಿಸಬಾರದು, ಆದರೆ ಅದು ತೋರಿಸುವ ದಿಕ್ಕು ಪಿತ್ತಕೋಶ ಕೆಲಸ ಮಾಡುವ ರೀತಿಗೆ ಸರಿಯಾಗಿ ಹೊಂದುತ್ತದೆ.

ಸಮಯ ಕಡಿಮೆಯಿದೆ, ಉಳಿದವನ್ನು ಒಟ್ಟಿಗೆ ಹೇಳುತ್ತೇನೆ. ವಾರಕ್ಕೆ ಸುಮಾರು ಒಂದೂವರೆ ಕಿಲೋಗಿಂತ ವೇಗವಾಗಿ ತೂಕ ಇಳಿದರೆ ಅಪಾಯ ಏರುತ್ತದೆ. ಆದ್ದರಿಂದ ವೇಗ ತಗ್ಗಿಸುವುದು, ದಿನಕ್ಕೆ ಒಂದು ಊಟದಲ್ಲಾದರೂ ಸ್ವಲ್ಪ ಕೊಬ್ಬು ಇಡುವುದು, ಊಟ ತಪ್ಪಿಸಿ ದೀರ್ಘಕಾಲ ಹೊಟ್ಟೆ ಖಾಲಿ ಬಿಡದಿರುವುದು ಒಳ್ಳೆಯದು. ತೂಕ ಇಳಿಸುವ ಶಸ್ತ್ರಚಿಕಿತ್ಸೆಯಾದ ಮೇಲೂ ಇದೇ ಅಪಾಯವಿರುವುದರಿಂದ, ವೈದ್ಯರು ಕೆಲವರಿಗೆ ಉರ್ಸೊಡಿಯಾಕ್ಸಿಕೋಲಿಕ್ ಆಮ್ಲ ಎಂಬ ಮಾತ್ರೆಯನ್ನು ಕೆಲವು ತಿಂಗಳು ಕೊಡುತ್ತಾರೆ. ಅದು ಸ್ವತಃ ಒಂದು ಪಿತ್ತ ಆಮ್ಲ; ಪಿತ್ತರಸಕ್ಕೆ ಕೊಲೆಸ್ಟ್ರಾಲ್ ಸೇರುವುದನ್ನು ಕಡಿಮೆ ಮಾಡುತ್ತದೆ. ಇದನ್ನು ನೀವಾಗಿಯೇ ತೆಗೆದುಕೊಳ್ಳಬೇಡಿ.

ಕಲ್ಲಿದ್ದರೂ ಬಹಳಷ್ಟು ಜನರಿಗೆ ಯಾವ ತೊಂದರೆಯೂ ಆಗುವುದಿಲ್ಲ, ಅಲ್ಟ್ರಾಸೌಂಡ್‌ನಲ್ಲಿ ಆಕಸ್ಮಿಕವಾಗಿ ಕಾಣುತ್ತದೆ. ತೊಂದರೆ ಕೊಡುವಾಗ, ಹೊಟ್ಟೆಯ ಬಲ ಮೇಲ್ಭಾಗದಲ್ಲಿ ಅಥವಾ ಎದೆಯ ಕೆಳಗೆ ನಡುವಿನಲ್ಲಿ ಗಟ್ಟಿಯಾದ ನೋವು ಬಂದು ಅರ್ಧ ಗಂಟೆಯಿಂದ ಕೆಲವು ಗಂಟೆ ಕಾಡಿ ಬಲ ಹೆಗಲಿನವರೆಗೂ ಹರಡಬಹುದು. ನೋವಿನ ಜೊತೆ ಜ್ವರ, ಚಳಿ ಅಥವಾ ಕಣ್ಣು ಹಳದಿಯಾಗುವುದು ಕಂಡರೆ, ಕಲ್ಲು ನಾಳವನ್ನು ಮುಚ್ಚಿ ಸೋಂಕು ಶುರುವಾಗಿರಬಹುದು. ಆಗ ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.